ಒಂಬತ್ತು ಸಾವಿರದ ಲೆಕ್ಕ

(2024ರ ಜನವರಿ ಕೊನೆಯ ವಾರ ಸಮುದಾಯ ಬಾನುಲಿಯಲ್ಲಿ ಪ್ರಸಾರವಾದ ಭಾಷಣದ ಮುದ್ರಿತ ರೂಪ)



ನಾನು ಬಿಡದಿ ಕಡೆಯ ಒಂದು ಬಿಡಿಭಾಗದ ಕಾರ್ಖಾನೆಯ ಕಾರ್ಮಿಕ ಸಂಘದ ಪ್ರಧಾನ ಕಾರ್ಯದರ್ಶಿ. ಕಾರ್ಖಾನೆಯ ಹೆಸರು ಬಾನುಲಿಯಲ್ಲಿ ಬೇಡ. ಯಾರಿಗೆ ಹೇಳುತ್ತಿದ್ದೇನೋ ಅವರಿಗೆ ಗೊತ್ತು. ಗೇಟ್ ಮೀಟಿಂಗ್ ಮಾಡಿ ಹೇಳಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಮಾಡಿದೆವು. ಆದರೆ ಮಧ್ಯಾಹ್ನ ಎರಡಕ್ಕೆ ಒಂದು ಶಿಫ್ಟ್ ಹೊರಗೆ ಬಂದು ಇನ್ನೊಂದು ಒಳಗೆ ಹೋಗುವ ಹತ್ತು ನಿಮಿಷದಲ್ಲಿ, ಬಸ್ಸಿನ ಹಾರ್ನ್ ಕೇಳುತ್ತಾ ನಿಂತವರಿಗೆ, ಎಷ್ಟು ಲೆಕ್ಕ ಹೇಳಲು ಆಗುತ್ತದೆ? ಇನ್ನೊಂದು ಕಾರಣವೂ ಇದೆ. ವೋಟು ಹಾಕುವುದು ನೀವು ಒಬ್ಬರೇ ಆದರೂ ಸಂಬಳದ ಲೆಕ್ಕ ಹಾಕುವುದು ಮನೆಮಂದಿಯೆಲ್ಲ ಕೂತು. ಅವರೂ ಕೇಳಲಿ ಎಂದು ಇಲ್ಲಿಗೆ ಬಂದೆ.

ನಮ್ಮ ಹಳೆಯ ವೇತನ ಒಪ್ಪಂದ 2023ರ ಮಾರ್ಚ್ 31ಕ್ಕೆ ಮುಗಿಯಿತು. ಬೇಡಿಕೆ ಪಟ್ಟಿ ಕೊಟ್ಟು, ಮಾತುಕತೆ ನಡೆಸಿ, ನಡುವೆ ಒಮ್ಮೆ ಮುರಿದು, ಮತ್ತೆ ಕೂತು, ಈಗ ಒಂದು ಪ್ರಸ್ತಾವ ನಮ್ಮ ಕೈಯಲ್ಲಿದೆ. ತಿಂಗಳಿಗೆ 9,000 ರೂಪಾಯಿ ಹೆಚ್ಚಳ, ನಾಲ್ಕು ವರ್ಷದ ಅವಧಿ, 2023ರ ಏಪ್ರಿಲ್ 1ರಿಂದ ಪೂರ್ವಾನ್ವಯ. ಇದಕ್ಕೆ ಸಹಿ ಹಾಕಬೇಕೋ ಬೇಡವೋ ಎಂಬುದನ್ನು ಮುಂದಿನ ವಾರ ನೀವು ಮತ ಹಾಕಿ ತೀರ್ಮಾನಿಸುತ್ತೀರಿ.

ಮೊದಲು ಒಂದು ಗುಸುಗುಸು ಮುಗಿಸಿಬಿಡುತ್ತೇನೆ. ಆಡಳಿತ ವರ್ಗ 10,000 ಕೊಡುತ್ತೇನೆ ಎಂದಿತ್ತು, ಸಂಘದವರು 9,000ಕ್ಕೆ ಒಪ್ಪಿಕೊಂಡು ಬಂದರು, ಉಳಿದ ಸಾವಿರ ಎಲ್ಲಿ ಹೋಯಿತು ಎಂದು ಕ್ಯಾಂಟೀನಿನಲ್ಲಿ ಮಾತು ನಡೆದಿದೆ. ಅವರು ಕೊಟ್ಟ ಮೊದಲ ಕಾಗದದಲ್ಲಿ 10,000 ಎಂದೇ ಇತ್ತು, ನಿಜ. ಆದರೆ ಅದು ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಅದರಲ್ಲಿ ಕಂಪನಿ ಕಟ್ಟಬೇಕಾದ ಪಿಎಫ್ ಪಾಲು ಸೇರಿತ್ತು, ಮುಂದೆ ಎಂದೋ ಕೊಡುವ ಗ್ರಾಚ್ಯುಟಿಗೆ ಈಗಲೇ ತೆಗೆದಿಡುವ ಹಣ ಸೇರಿತ್ತು, ವಿಮೆಯ ಕಂತೂ ಸೇರಿತ್ತು. ನಾವು ಕೂತು ಬಿಡಿಸಿದೆವು. ಮೂಲವೇತನಕ್ಕೆ 5,400 ಸೇರಿದರೆ ಅದರ ಮೇಲೆ ಕಂಪನಿಯ ಪಿಎಫ್ ಶೇಕಡ 12, ಅಂದರೆ 648 ರೂಪಾಯಿ. ಗ್ರಾಚ್ಯುಟಿಗೆ ಶೇಕಡ 4.81ರಂತೆ ಸುಮಾರು 260. ವಿಮೆಗೆ ಉಳಿದ ತೊಂಬತ್ತು ಚಿಲ್ಲರೆ. ಕೂಡಿದರೆ ಸಾವಿರ. ಕಾನೂನಿನ ಪ್ರಕಾರ ಹೇಗಿದ್ದರೂ ಕಟ್ಟಲೇಬೇಕಾದ ಹಣವನ್ನು ಹೆಚ್ಚಳ ಎಂದು ತೋರಿಸುವುದು ಬೇಡ, ಗ್ರಾಸ್ ಲೆಕ್ಕದಲ್ಲಿ ಮಾತಾಡಿ ಎಂದೆವು. ಅದೇ ಪ್ರಸ್ತಾವದ ನಿಜವಾದ ಮೊತ್ತ 9,000. ಸಾವಿರ ಎಲ್ಲೂ ಹೋಗಿಲ್ಲ, ಅದು ಹೆಚ್ಚಳದ ಹಣವಾಗಿ ಮೊದಲಿಗೇ ಇರಲಿಲ್ಲ. ಅಕ್ಕಪಕ್ಕದ ಕಾರ್ಖಾನೆಯಲ್ಲಿ 14,000 ಸಿಕ್ಕಿತು, 16,000 ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ: ಗ್ರಾಸೋ ಸಿಟಿಸಿಯೋ, ಎಷ್ಟು ವರ್ಷಕ್ಕೆ, ಮೊದಲ ವರ್ಷ ಎಷ್ಟು. ಇವು ತಿಳಿಯದೆ ಹೋಲಿಸಲು ಬರುವುದಿಲ್ಲ.

ಈ 9,000ದಲ್ಲಿ ನೂರಕ್ಕೆ ಅರವತ್ತು ಪಾಲು ಮೂಲವೇತನಕ್ಕೆ, ನಲವತ್ತು ಪಾಲು ಮನೆ ಬಾಡಿಗೆ ಮತ್ತಿತರ ಭತ್ಯೆಗಳಿಗೆ ಹೋಗುತ್ತದೆ. ಆಡಳಿತ ವರ್ಗದ ಮೊದಲ ಮಾತು ಇದಕ್ಕೆ ಉಲ್ಟಾ ಇತ್ತು. ಮೂಲವೇತನಕ್ಕೆ ಮೂವತ್ತು ಸಾಕು, ಉಳಿದ ಎಪ್ಪತ್ತು ಭತ್ಯೆಯಾಗಿ ಕೊಡುತ್ತೇವೆ, ಹುಡುಗರಿಗೆ ಕೈಗೆ ಹೆಚ್ಚು ಬರುತ್ತದೆ ಎಂದರು. ಕೈಗೆ ಹೆಚ್ಚು ಬರುವುದು ಸುಳ್ಳಲ್ಲ. ಮೂಲವೇತನ ಏರಿದಷ್ಟೂ ನಿಮ್ಮ ಪಾಲಿನ ಪಿಎಫ್ ಕಡಿತ ಏರುತ್ತದೆ. ಆದರೆ ಇಪ್ಪತ್ತು ವರ್ಷ ಸರ್ವೀಸ್ ಆದವರ ಗ್ರಾಚ್ಯುಟಿ ನೋಡಿ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸರ್ವೀಸಿನ ವರ್ಷಗಳಿಂದ ಮತ್ತೆ ಗುಣಿಸುವುದು ಕಾಯ್ದೆಯ ಲೆಕ್ಕ. ಬೇಸಿಕ್ 5,400 ಏರಿದರೆ ಇಪ್ಪತ್ತು ವರ್ಷದವರಿಗೆ ಗ್ರಾಚ್ಯುಟಿ 62,300 ರೂಪಾಯಿ ಹೆಚ್ಚುತ್ತದೆ. ಅವರು ಹೇಳಿದ ಹಾಗೆ 2,700 ಮಾತ್ರ ಸೇರಿಸಿದ್ದರೆ ಅದರಲ್ಲಿ ಅರ್ಧ. ಈ ಒಂದು ಸಾಲಿಗಾಗಿ ನಾವು ತುಂಬಾ ಹೊತ್ತು ಜಗ್ಗಾಡಿದೆವು. ಸೇರಿ ಮೂರು ವರ್ಷವೂ ಆಗದ ತಮ್ಮಂದಿರಿಗೆ ಇದು ರುಚಿಸಲಿಕ್ಕಿಲ್ಲ ಎಂದು ನನಗೆ ಗೊತ್ತು. ಆದರೆ 2019ರಲ್ಲಿ ಪಾಸಾದ ವೇತನ ಸಂಹಿತೆ ಇನ್ನೂ ಜಾರಿಗೆ ಬರದೆ ಕೂತಿದೆ. ಅದು ಬಂದ ದಿನ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟುವ ಹಾಗಿಲ್ಲ. ಆಗ ಕಂಪನಿ ಸಂಬಳದ ಪಟ್ಟಿಯನ್ನು ತನ್ನ ಅನುಕೂಲಕ್ಕೆ ತಕ್ಕಂತೆ ತಿದ್ದುವುದಕ್ಕಿಂತ ಈಗ ನಾವೇ ಕೂತು ತಿದ್ದಿಸಿಕೊಳ್ಳುವುದು ಮೇಲು.

ಇನ್ನು ಈ ಹಣ ಯಾವಾಗ ಬರುತ್ತದೆ ಎಂಬ ಮಾತು. 9,000 ಒಂದೇ ಸಲ ಬರುವುದಿಲ್ಲ. ಮೊದಲ ವರ್ಷ ಅರ್ಧ, ಅಂದರೆ 4,500. ಎರಡನೆಯ ವರ್ಷ 1,800 ಸೇರಿ 6,300. ಮೂರನೆಯ ವರ್ಷ 1,350 ಸೇರಿ 7,650. ನಾಲ್ಕನೆಯ ವರ್ಷ ಮತ್ತೆ 1,350 ಸೇರಿ 9,000. ಮೊದಲ ವರ್ಷ ಎಂದರೆ 2023ರ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗೆ, ಅದು ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಹಾಗಾಗಿ ಅದರ ಬಹುಪಾಲು ಬಾಕಿಯಾಗಿ ಬರುತ್ತದೆ. ಜನವರಿ ಸೇರಿ ಹತ್ತು ತಿಂಗಳಿಗೆ 45,000. ಅದರಲ್ಲಿ ನಿಮ್ಮ ಪಿಎಫ್ 3,240 ಹೋಗಿ ಕೈಗೆ ಬರುವುದು 41,760. ಈ ಬಾಕಿಯೇ ಮತ ಕೇಳಲು ನಿಂತ ಅಭ್ಯರ್ಥಿಯ ಹಾಗೆ ಎಲ್ಲ ಕಡೆ ಓಡಾಡುತ್ತಿದೆ. ಬೈಕಿನ ಕಂತು, ಮಗುವಿನ ಶಾಲೆ ಫೀಸು, ಊರಿನ ಮನೆಗೆ ಶೀಟು, ಎಲ್ಲರೂ ಆ ಹಣವನ್ನು ಮನಸ್ಸಿನಲ್ಲೇ ಖರ್ಚು ಮಾಡಿಬಿಟ್ಟಿದ್ದೇವೆ. ಇಂದು ನಾನು ಮುಖ್ಯವಾಗಿ ಹೇಳಲು ಬಂದಿರುವುದು ಅದರ ಹಿಂದೆ ಅಡಗಿರುವ ಇನ್ನೊಂದು ಸಾಲಿನ ಬಗ್ಗೆ.

ಅದು ತುಟ್ಟಿಭತ್ಯೆಯ ಸಾಲು. ಪ್ರಸ್ತಾವದ ನಾಲ್ಕನೆಯ ಪುಟದಲ್ಲಿದೆ.

ಕೇಂದ್ರ ಸರ್ಕಾರದ ಲೇಬರ್ ಬ್ಯೂರೊ ಪ್ರತಿ ತಿಂಗಳು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಎಂದು ಒಂದು ಅಂಕಿ ಪ್ರಕಟಿಸುತ್ತದೆ. ಅಕ್ಕಿ, ಬೇಳೆ, ಬಾಡಿಗೆ, ಬಟ್ಟೆ, ಬಸ್ ಚಾರ್ಜು ಇವುಗಳ ಬೆಲೆ 2016ರಲ್ಲಿ 100 ಇತ್ತು ಎಂದಿಟ್ಟುಕೊಂಡರೆ ಈಗ ಎಷ್ಟಾಗಿದೆ ಎಂದು ಅದು ಹೇಳುತ್ತದೆ. 2022ರ ನವೆಂಬರ್‌ನಲ್ಲಿ ಆ ಅಂಕಿ 132.5 ಇತ್ತು, 2023ರ ನವೆಂಬರ್‌ನಲ್ಲಿ 139.1 ಆಯಿತು. ಒಂದು ವರ್ಷಕ್ಕೆ 6.6 ಪಾಯಿಂಟ್ ಏರಿಕೆ. ನಮ್ಮ ಹಳೆಯ ಒಪ್ಪಂದದಲ್ಲಿ ಪ್ರತಿ ಪಾಯಿಂಟಿಗೆ 80 ರೂಪಾಯಿ ಡಿಎ ಇದೆ. 6.6ಕ್ಕೆ 80ರಂತೆ 528 ರೂಪಾಯಿ. ಯಾರ ಮುಂದೆಯೂ ಕೈಚಾಚದೆ, ಮಾತುಕತೆಯಿಲ್ಲದೆ, ಬೆಲೆ ಏರಿದ್ದಕ್ಕೆ ತಾನಾಗಿ ಏರುವ ಸಂಬಳ ಇದೊಂದೇ.

ಆಡಳಿತ ವರ್ಗ ಈ ಸಲ ಡಿಎಯನ್ನು ನಿಲ್ಲಿಸಿಬಿಡಿ, ಅದನ್ನೂ ಹೆಚ್ಚಳದೊಳಗೇ ಸೇರಿಸಿಕೊಳ್ಳಿ ಎಂದು ಪಟ್ಟು ಹಿಡಿಯಿತು. ನಾವು ಒಪ್ಪಲಿಲ್ಲ. ಮಾತು ಮುರಿದದ್ದು ಅಲ್ಲೇ. ಮತ್ತೆ ಕೂತಾಗ ನಡುವಿನ ದಾರಿಯೊಂದು ಹುಟ್ಟಿತು. 2024ರ ಏಪ್ರಿಲ್ 1ರಿಂದ ಮುಂದೆ ಏರುವ ಪ್ರತಿ ಪಾಯಿಂಟಿಗೆ 80ರ ಬದಲು 50 ರೂಪಾಯಿ. ಇಲ್ಲಿಯವರೆಗೆ ಸೇರಿರುವ ಡಿಎ ಕಡಿಮೆಯಾಗುವುದಿಲ್ಲ. ಇದಕ್ಕೆ ಬದಲಾಗಿ ಅವರು ಕೊಟ್ಟದ್ದು ಮೊದಲ ವರ್ಷದ ಕಂತು. ಅವರ ಹಳೆಯ ಕಾಗದದಲ್ಲಿ ಮೊದಲ ವರ್ಷ ನೂರಕ್ಕೆ ನಲವತ್ತು, ಆಮೇಲೆ ವರ್ಷಕ್ಕೆ ಇಪ್ಪತ್ತಿಪ್ಪತ್ತು ಇತ್ತು. ಅದನ್ನು ಐವತ್ತು, ಇಪ್ಪತ್ತು, ಹದಿನೈದು, ಹದಿನೈದು ಮಾಡಿದರು. ಕೊನೆಗೆ ಮುಟ್ಟುವುದು ಅದೇ 9,000. ಆದರೆ ಬೇಗ ಬರುತ್ತದೆ.

ಈ ಕೊಡುಕೊಳ್ಳುವಿಕೆಯಲ್ಲಿ ಯಾರಿಗೆ ಲಾಭ? ಪೆನ್ನು ಇದ್ದರೆ ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ಕಂತು ಬೇಗ ಬಂದದ್ದರಿಂದ ಮೊದಲ ವರ್ಷ ತಿಂಗಳಿಗೆ 900 ಹೆಚ್ಚು, ಎರಡನೆಯ ವರ್ಷವೂ 900, ಮೂರನೆಯ ವರ್ಷ 450, ನಾಲ್ಕನೆಯ ವರ್ಷ ಏನೂ ಇಲ್ಲ. ತಿಂಗಳಿನ ಲೆಕ್ಕವನ್ನು ಹನ್ನೆರಡರಿಂದ ಗುಣಿಸಿ ಕೂಡಿದರೆ ನಾಲ್ಕು ವರ್ಷಕ್ಕೆ 27,000 ರೂಪಾಯಿ. ಇದು ಲಾಭದ ಕಡೆ.

ನಷ್ಟದ ಕಡೆ ಬನ್ನಿ. ಪಾಯಿಂಟಿಗೆ 30 ರೂಪಾಯಿ ಕಡಿಮೆ. ಬೆಲೆ ಕಳೆದ ವರ್ಷದ ವೇಗದಲ್ಲೇ ಏರಿದರೆ, ಅಂದರೆ ವರ್ಷಕ್ಕೆ 6.6 ಪಾಯಿಂಟ್, ತಿಂಗಳಿಗೆ 198 ರೂಪಾಯಿ ಕಡಿಮೆ ಏರುತ್ತದೆ. ನಮ್ಮಲ್ಲಿ ಡಿಎ ಆರು ತಿಂಗಳಿಗೊಮ್ಮೆ ತಿದ್ದುತ್ತಾರೆ. ಲೆಕ್ಕ ಸುಲಭವಾಗಲಿ ಎಂದು ವರ್ಷಕ್ಕೊಮ್ಮೆ ಎಂದು ಹಿಡಿದಿದ್ದೇನೆ, ನಿಜವಾದ ನಷ್ಟ ಇದಕ್ಕಿಂತ ತುಸು ಹೆಚ್ಚಿರುತ್ತದೆ. ಮೂರನೆಯ ವರ್ಷ ತಿಂಗಳಿಗೆ 198 ಕಡಿಮೆ, ನಾಲ್ಕನೆಯ ವರ್ಷ 396 ಕಡಿಮೆ. ಎರಡೂ ಕೂಡಿದರೆ 7,128 ರೂಪಾಯಿ. ಒಪ್ಪಂದದ ಅವಧಿಯೊಳಗೆ ನೋಡಿದರೆ 27,000 ಬಂತು, ಏಳು ಸಾವಿರ ಹೋಯಿತು, ಇಪ್ಪತ್ತು ಸಾವಿರದ ಹತ್ತಿರ ಲಾಭ. ಇಷ್ಟನ್ನೇ ತೋರಿಸಿದರೆ ಯಾರು ಬೇಕಾದರೂ ಒಪ್ಪುತ್ತಾರೆ.

ಆದರೆ ಮುಂಗಡವಾಗಿ ಬಂದ ಹಣ 2027ರ ಮಾರ್ಚ್‌ಗೆ ಮುಗಿಯುತ್ತದೆ. ಡಿಎಯಲ್ಲಿ ಆದ ಕೊರತೆ ಮುಗಿಯುವುದಿಲ್ಲ. ಆ ಹೊತ್ತಿಗೆ ಅದು ತಿಂಗಳಿಗೆ 594 ರೂಪಾಯಿ ಆಗಿರುತ್ತದೆ, ಮತ್ತು ಅಲ್ಲಿಂದ ಮುಂದೆ ತಿಂಗಳು ತಿಂಗಳೂ ಇರುತ್ತದೆ. ಉಳಿದಿದ್ದ ಇಪ್ಪತ್ತು ಸಾವಿರವನ್ನು 594ರಂತೆ ಕಳೆಯುತ್ತಾ ಹೋಗಿ. ಮುಂದಿನ ಒಪ್ಪಂದದಲ್ಲಿ ಪಾಯಿಂಟಿನ ದರವನ್ನು 80ಕ್ಕೆ ವಾಪಸ್ ತಂದರೂ, ಕಳೆದುಹೋದ 594 ಹಾಗೇ ಉಳಿದರೆ, 2029ರ ಕೊನೆಯ ಹೊತ್ತಿಗೆ ಲಾಭವೂ ನಷ್ಟವೂ ಸಮ. ಅಲ್ಲಿಂದಾಚೆ ಬರೀ ನಷ್ಟ. ಬೆಲೆ ಇನ್ನೂ ಜೋರಾಗಿ ಏರಿದರೆ ಆ ದಿನ ಇನ್ನೂ ಬೇಗ ಬರುತ್ತದೆ.

ಅಂದರೆ ಇನ್ನು ನಾಲ್ಕು ವರ್ಷದೊಳಗೆ ನಿವೃತ್ತರಾಗುವ ಅಣ್ಣಂದಿರಿಗೆ ಈ ವಿನಿಮಯ ಲಾಭವೇ. 2027ರ ಮಾರ್ಚ್‌ನಲ್ಲಿ ಇಪ್ಪತ್ತೆಂಟು ವರ್ಷ ಸರ್ವೀಸ್ ಮುಗಿಸಿ ಹೋಗುವವರಿಗೆ ಡಿಎ ಕಡಿಮೆಯಾದದ್ದರಿಂದ ಗ್ರಾಚ್ಯುಟಿಯಲ್ಲಿ ಸುಮಾರು 9,600 ಹೋಗುತ್ತದೆ. ಅದನ್ನು ಕಳೆದರೂ ಹತ್ತು ಸಾವಿರ ಕೈಯಲ್ಲಿ ಉಳಿಯುತ್ತದೆ. ಇಪ್ಪತ್ತೈದು ವರ್ಷದ ಹುಡುಗನಿಗೆ ಇನ್ನೂ ಮೂವತ್ತು ವರ್ಷ ದುಡಿಮೆ ಇದೆ. ನಮ್ಮೆಲ್ಲರಿಗೂ ಬೇಗ ಬರುವ ಬಾಕಿಯ ಬೆಲೆಯನ್ನು ತೆರುವವನು ಅವನು. ತಮಾಷೆಯೆಂದರೆ, ಗೇಟಿನಲ್ಲಿ ಬೇಗ ಸಹಿ ಹಾಕಿ ಎಂದು ಹೆಚ್ಚು ಕೂಗುತ್ತಿರುವವನೂ ಅವನೇ.

ಕಾರ್ಯಕಾರಿ ಸಮಿತಿಯ ಹನ್ನೊಂದು ಜನರಲ್ಲಿ ನಾಲ್ವರು ಈ ಪ್ರಸ್ತಾವವನ್ನು ವಿರೋಧಿಸಿದ್ದು ಇದೊಂದೇ ಕಾರಣಕ್ಕೆ. ಪಾಯಿಂಟಿನ ದರ ಒಮ್ಮೆ ಇಳಿದರೆ ಮತ್ತೆ ಏರಿಸುವುದು ಕಷ್ಟ, ಮುಂದಿನ ಸಲ ಅವರು 50ರಿಂದ ಮಾತು ಶುರುಮಾಡುತ್ತಾರೆ, 80 ಎಂಬುದು ಯಾರ ನೆನಪಿನಲ್ಲೂ ಇರುವುದಿಲ್ಲ ಎಂಬುದು ಅವರ ವಾದ. ಅದನ್ನು ತಳ್ಳಿಹಾಕುವ ಶಕ್ತಿ ನನಗಿಲ್ಲ. ಒಪ್ಪಿಗೆ ಕೊಡಬಹುದು ಎಂದ ಏಳು ಜನರಲ್ಲಿ ನಾನೊಬ್ಬ. ಡಿಎ ಪೂರ್ತಿ ನಿಲ್ಲಿಸುವ ಹಠದಿಂದ ಅವರನ್ನು 50ಕ್ಕೆ ತಂದಿದ್ದೇವೆ. ಸೂಚ್ಯಂಕದ ಜೊತೆಗಿನ ಕೊಂಡಿ ತುಂಡಾಗಿಲ್ಲ. ಕೊಂಡಿ ಉಳಿದರೆ ದರವನ್ನು ಮುಂದೆ ಜಗಳವಾಡಿ ಏರಿಸಬಹುದು, ಕೊಂಡಿಯೇ ಹೋದರೆ ಎಲ್ಲಿಂದ ಜಗಳವಾಡುವುದು? ನಾನು ಒಪ್ಪಿದ್ದು ಇಷ್ಟಕ್ಕೆ. ಮನಸ್ಸು ಪೂರ್ತಿ ನೆಮ್ಮದಿಯಾಗಿದೆ ಎಂದರೆ ಸುಳ್ಳು ಹೇಳಿದ ಹಾಗೆ.

ಎರಡನೆಯ ತೊಡಕು ಇಎಸ್‌ಐ. ಇದು ಎಲ್ಲರದಲ್ಲ, ಆದರೆ ಯಾರದೋ ಅವರಿಗೆ ದೊಡ್ಡದು. ಇಎಸ್‌ಐ ಸೌಲಭ್ಯ ತಿಂಗಳಿಗೆ 21,000 ರೂಪಾಯಿ ಸಂಬಳದವರೆಗೆ. ಓಟಿ ಹಣ ಆ ಮಿತಿಗೆ ಲೆಕ್ಕಕ್ಕಿಲ್ಲ. ನಮ್ಮ ಹೊಸ ಆಪರೇಟರುಗಳ ಗ್ರಾಸ್ ಈಗ 17,400. ಅದಕ್ಕೆ 4,500 ಸೇರಿದರೆ 21,900. ಮಿತಿ ದಾಟಿತು. ಹೀಗೆ ದಾಟುವವರು ಅರವತ್ತಕ್ಕೂ ಹೆಚ್ಚು ಜನ ಇದ್ದಾರೆ. ದಾಟಿದ ತಿಂಗಳೇ ಕಾರ್ಡು ನಿಲ್ಲುವುದಿಲ್ಲ. ವಂತಿಗೆಯ ಅವಧಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎಂದು ಎರಡು ಭಾಗ. ನಡುವೆ ದಾಟಿದವರು ಆ ಅವಧಿ ಮುಗಿಯುವವರೆಗೆ ಒಳಗೇ ಇರುತ್ತಾರೆ. ಹಾಗಾಗಿ ಮಾರ್ಚ್ 31ರವರೆಗೆ ನಿಮ್ಮ ವಂತಿಗೆ ಕಡಿತವಾಗುತ್ತದೆ, ಏಪ್ರಿಲ್‌ನಿಂದ ಇಲ್ಲ.

ತಿಂಗಳಿಗೆ ನೂರ ಮೂವತ್ತು ರೂಪಾಯಿ ವಂತಿಗೆ ಉಳಿಯಿತು ಎಂದು ಖುಷಿಪಡುವವರು ಏನು ಹೋಯಿತು ಎಂದೂ ನೋಡಬೇಕು. ಇಎಸ್‌ಐನಲ್ಲಿ ನಿಮ್ಮನ್ನೇ ನಂಬಿರುವ ಅಪ್ಪ ಅಮ್ಮನಿಗೂ ಚಿಕಿತ್ಸೆ ಇದೆ. ನೀವು ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ ಎಪ್ಪತ್ತರಷ್ಟು ನಗದು ಬರುತ್ತದೆ. ಇದಕ್ಕೆ ಬದಲಾಗಿ ಕಂಪನಿ ಕೊಡುವುದು ಮೂರು ಲಕ್ಷದ ಗುಂಪು ವಿಮೆ. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಕಂತು ಕಂಪನಿಯದೇ. ಅಪ್ಪ ಅಮ್ಮನನ್ನು ಸೇರಿಸಬೇಕೆಂದರೆ ಅವರ ಕಂತಿನಲ್ಲಿ ಅರ್ಧ ನೀವು ಕೊಡಬೇಕು. ಆಸ್ಪತ್ರೆಗೆ ಸೇರಿದರೆ ಮಾತ್ರ ವಿಮೆ, ಹೊರರೋಗಿಯಾಗಿ ತೋರಿಸಿಕೊಂಡರೆ ಇಲ್ಲ. ರಜೆಯ ಸಂಬಳ ಅದರಲ್ಲಿ ಇಲ್ಲವೇ ಇಲ್ಲ. ಇವರಿಗೆ ಮಾತ್ರ ಮೊದಲ ವರ್ಷ 3,600 ಕೊಟ್ಟು 21,000ದ ಒಳಗೇ ಉಳಿಸಿದರೆ ಹೇಗೆ ಎಂದು ಯೋಚಿಸಿದೆವು. ಏಪ್ರಿಲ್‌ನಲ್ಲಿ ಎರಡನೆಯ ಕಂತು ಬಂದ ಕೂಡಲೇ ಹೇಗೂ ದಾಟುತ್ತಾರೆ. ಹಾಗಿರುವಾಗ ತಿಂಗಳಿಗೆ 900 ಕಳೆದುಕೊಳ್ಳುವುದು ಸರಿಕಾಣಲಿಲ್ಲ. ನಿಮ್ಮ ಮನೆಯಲ್ಲಿ ಡಯಾಲಿಸಿಸ್ ಮಾಡಿಸುವವರೋ ಸಕ್ಕರೆ ಕಾಯಿಲೆಯ ತಾಯಿಯೋ ಇದ್ದರೆ ಮತ ಹಾಕುವ ಮೊದಲು ಈ ವಿಷಯವನ್ನು ಮನೆಯಲ್ಲಿ ಮಾತಾಡಿ.

ಇನ್ನೊಂದು ಸಣ್ಣ ಸಂಗತಿ, ಆಮೇಲೆ ಬೈಯಬೇಡಿ ಎಂದು ಈಗಲೇ ಹೇಳುತ್ತೇನೆ. ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ 200 ರೂಪಾಯಿ ಕಡಿತವಾಗುತ್ತದೆ. ಅದು ಸರ್ಕಾರದ್ದು, ಸಂಘದ ಚಂದಾ ಅಲ್ಲ.

ಉತ್ಪಾದನೆಯ ಷರತ್ತು ಮಷಿನ್ ಶಾಪಿನವರಿಗೆ ಮಾತ್ರ ತಟ್ಟುವುದರಿಂದ ಚುಟುಕಾಗಿ ಹೇಳುತ್ತೇನೆ. ಸಿಎನ್‌ಸಿ ಲೈನಿನಲ್ಲಿ ಈಗ ಶಿಫ್ಟಿಗೆ 420 ಪೀಸು. ಅವರು ಕೇಳಿದ್ದು 460. ಎಂಟು ಗಂಟೆಯಲ್ಲಿ ಊಟಕ್ಕೆ ಮೂವತ್ತು ನಿಮಿಷ, ಟೀಗೆ ಇಪ್ಪತ್ತು ನಿಮಿಷ ಬಿಟ್ಟರೆ 430 ನಿಮಿಷ. ಒಂದು ಪೀಸಿಗೆ 58 ಸೆಕೆಂಡ್ ಎಂದರೆ, ಟೂಲ್ ಬದಲಾಯಿಸದೆ, ಅಳತೆ ನೋಡದೆ, ಮೂತ್ರಕ್ಕೂ ಹೋಗದೆ ಮಷಿನ್ ಓಡಿಸಿದರೂ 444ಕ್ಕಿಂತ ಹೆಚ್ಚು ಬರುವುದಿಲ್ಲ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಅವರ ದನಿ ಇಳಿಯಿತು. ಈಗ ಬರೆದಿರುವುದು ಹೀಗೆ: ಹೊಸ ಲೋಡರ್ ಕೂಡಿಸಿ ಒಂದು ಪೀಸಿನ ಹೊತ್ತು 52 ಸೆಕೆಂಡಿಗೆ ಇಳಿದಿದೆ ಎಂದು ಸಂಘದ ಇಬ್ಬರು ಮತ್ತು ಕಂಪನಿಯ ಇಬ್ಬರು ಜೊತೆಗೆ ನಿಂತು ಅಳೆದು ಸಹಿ ಹಾಕಿದ ಮೇಲೆ ಮಾತ್ರ 460. ಆಗ 496ರಲ್ಲಿ 460, ಈಗ ನೀವು ಕೊಡುತ್ತಿರುವ ಶ್ರಮಕ್ಕಿಂತ ಹೆಚ್ಚೇನಲ್ಲ. ಲೋಡರ್ ಬರದಿದ್ದರೆ 420ರಲ್ಲೇ ಇರುತ್ತದೆ, ಅದರ ಹೆಸರಿನಲ್ಲಿ ಸಂಬಳ ಹಿಡಿಯುವ ಹಾಗಿಲ್ಲ. ಲೋಡರ್ ಬಂದ ಲೈನಿನಿಂದ ಒಬ್ಬರನ್ನು ತೆಗೆಯುತ್ತಾರಲ್ಲ ಎಂದು ಕೇಳಿದವರಿದ್ದಾರೆ. ಬೇರೆ ವಿಭಾಗಕ್ಕೆ ಹಾಕಬಹುದು, ಕೆಲಸದಿಂದ ತೆಗೆಯುವಂತಿಲ್ಲ ಎಂದು ಬರೆಸಿದ್ದೇವೆ.

ತಿರಸ್ಕರಿಸಿದರೆ ಏನಾಗುತ್ತದೆ? ನಾಳೆಯೇ ಸಂಬಳ ನಿಲ್ಲುತ್ತದೆ ಎಂದು ಸೂಪರ್‌ವೈಸರ್ ಒಬ್ಬರು ಹೇಳಿದರಂತೆ. ಹಾಗೇನಿಲ್ಲ. ಹಳೆಯ ಒಪ್ಪಂದದ ಅವಧಿ ಮುಗಿದರೂ ಹೊಸದು ಬರುವವರೆಗೆ ಅದರ ಷರತ್ತುಗಳು ಮುಂದುವರಿಯುತ್ತವೆ. ಎಲ್‌ಐಸಿ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಇದನ್ನು ಹೇಳಿದೆ. ಪಾಯಿಂಟಿಗೆ 80ರಂತೆ ಡಿಎಯೂ ಬರುತ್ತಿರುತ್ತದೆ. ನಾವು ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಸಂಧಾನಕ್ಕೆ ಹೋಗುತ್ತೇವೆ. ಅಲ್ಲಿ ಆಗದಿದ್ದರೆ ವೈಫಲ್ಯ ವರದಿ, ಸರ್ಕಾರ ಕಳಿಸಿದರೆ ಕೈಗಾರಿಕಾ ನ್ಯಾಯಮಂಡಳಿ. ಅಲ್ಲಿ ವರ್ಷಗಳು ಹಿಡಿಯುತ್ತವೆ. ಬಾಕಿ ತಾನಾಗಿ ಬಿದ್ದುಹೋಗುವುದಿಲ್ಲ, ಆದರೆ ಎಂದಿನಿಂದ ಜಾರಿ ಎಂಬುದು ಮತ್ತೆ ಚರ್ಚೆಯ ವಿಷಯವಾಗುತ್ತದೆ. 2023ರ ಏಪ್ರಿಲ್ ಎಂಬ ತಾರೀಕು ಈಗ ನಮ್ಮ ಕೈಯಲ್ಲಿದೆ, ಆಗ ಇರುತ್ತದೆ ಎಂದು ನಾನು ಮಾತು ಕೊಡಲಾರೆ. ಮುಷ್ಕರದ ಮಾತನ್ನೂ ಆಡಿದವರಿದ್ದಾರೆ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 1980ರ ಕೊನೆಯಿಂದ 1981ರ ಮಾರ್ಚ್‌ವರೆಗೆ ಎಪ್ಪತ್ತೇಳು ದಿನ ಕೆಲಸ ನಿಲ್ಲಿಸಿದ್ದು ಸಂಬಳದ ಸಮಾನತೆಗಾಗಿಯೇ. ಆ ಮನೆಗಳಲ್ಲಿ ಬೆಳೆದವರು ನಮ್ಮಲ್ಲೂ ಇದ್ದಾರೆ, ಅಷ್ಟು ದಿನ ಒಲೆ ಹೇಗೆ ಉರಿಯಿತು ಎಂದು ಅವರನ್ನೇ ಕೇಳಿ. ಈ ಮತಪತ್ರದಲ್ಲಿ ಮುಷ್ಕರದ ಪ್ರಶ್ನೆ ಇಲ್ಲ. ಅದು ಬಂದರೆ ಬೇರೆ ಸಭೆ, ಬೇರೆ ಮತದಾನ.

ಈಗ ಮತದಾನ. ಸದಸ್ಯರ ಮತ ಪಡೆದೇ ಸಹಿ ಹಾಕಬೇಕು ಎಂದು ಕೈಗಾರಿಕಾ ವಿವಾದ ಕಾಯ್ದೆ ಕೇಳುವುದಿಲ್ಲ. ಪದಾಧಿಕಾರಿಗಳ ಸಹಿ ಸಾಕು. ಆದರೆ ನಮ್ಮ ಸಂಘದ ಬೈಲಾ ಕೇಳುತ್ತದೆ. ಡಿಸೆಂಬರ್‌ವರೆಗೆ ಚಂದಾ ಕಟ್ಟಿರುವ 412 ಸದಸ್ಯರಿಗೆ ಮತ ಇದೆ. ಪಟ್ಟಿ ಸಂಘದ ಕಚೇರಿಯ ಬಾಗಿಲಿಗೆ ಅಂಟಿಸಿದೆ. ಹೆಸರು ಬಿಟ್ಟುಹೋಗಿದ್ದರೆ ಭಾನುವಾರದೊಳಗೆ ರಸೀದಿ ತಂದು ತೋರಿಸಿ.

ಜನವರಿ 31, ಬುಧವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೊದಲ ಸುತ್ತು. ಜನರಲ್ ಶಿಫ್ಟಿನವರಿಗೆ ಸಂಜೆ ಐದೂವರೆಯಿಂದ ಆರೂವರೆ. ರಾತ್ರಿ ಒಂಬತ್ತರಿಂದ ಹನ್ನೊಂದು. ಗುರುವಾರ ಬೆಳಗ್ಗೆ ಐದರಿಂದ ಏಳು. ಯಾವ ಶಿಫ್ಟಿನವರಾದರೂ ಒಳಗೆ ಹೋಗುವಾಗಲೋ ಹೊರಗೆ ಬರುವಾಗಲೋ ಹಾಕಬಹುದು. ಜಾಗ ಸಂಘದ ಕಚೇರಿ. ಕ್ಯಾಂಟೀನಿನಲ್ಲಿ ಮಾಡಿಕೊಳ್ಳಿ, ಟೇಬಲ್ ಕುರ್ಚಿ ಕೊಡುತ್ತೇವೆ ಎಂದು ಆಡಳಿತ ವರ್ಗ ಹೇಳಿತು. ಧನ್ಯವಾದ ಹೇಳಿ ಬೇಡ ಎಂದೆವು. ಅಲ್ಲಿ ಕ್ಯಾಮೆರಾ ಇದೆ. ಚುನಾವಣಾಧಿಕಾರಿ ನಮ್ಮವರಲ್ಲ, ಬೇರೆ ಕಾರ್ಖಾನೆಯ ಸಂಘದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು. ಒಪ್ಪಿಗೆಯ ಕಡೆಯಿಂದ ಒಬ್ಬರು, ವಿರೋಧದ ಕಡೆಯಿಂದ ಒಬ್ಬರು ಪೆಟ್ಟಿಗೆಯ ಹತ್ತಿರ ಕೂರುತ್ತಾರೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವವರೆಗೆ ಪೆಟ್ಟಿಗೆಯ ಬಾಯಿಗೆ ಕಾಗದ ಅಂಟಿಸಿ ಇಬ್ಬರೂ ಸಹಿ ಹಾಕುತ್ತಾರೆ.

ಚೀಟಿಯಲ್ಲಿ ಎರಡೇ ಚೌಕ. ಒಂದರ ಪಕ್ಕ ‘ಒಪ್ಪಿಗೆ’, ಇನ್ನೊಂದರ ಪಕ್ಕ ‘ಒಪ್ಪಿಗೆ ಇಲ್ಲ’. ಒಂದರಲ್ಲಿ ಗುರುತು ಹಾಕಿ. ಎರಡರಲ್ಲೂ ಹಾಕಿದರೆ, ಹೆಸರು ಬರೆದರೆ, ಬೈಗುಳ ಬರೆದರೆ ಚೀಟಿ ರದ್ದು. ಬೈಯುವುದಿದ್ದರೆ ನನ್ನನ್ನು ನೇರವಾಗಿ ಬೈಯಿರಿ. ಪಟ್ಟಿಯಲ್ಲಿ ನಿಮ್ಮ ಸಹಿ ಪಡೆಯುತ್ತೇವೆ, ಚೀಟಿಯ ಮೇಲೆ ನಂಬರ್ ಇರುವುದಿಲ್ಲ. ಯಾರ ಮತ ಯಾವುದು ಎಂದು ಹುಡುಕಲು ದಾರಿಯಿಲ್ಲ. ನಾಲ್ಕೂ ಸುತ್ತಿನ ಚೀಟಿಗಳನ್ನು ಒಟ್ಟಿಗೆ ಸುರಿದು ಕಲೆಸಿದ ಮೇಲೆಯೇ ಎಣಿಕೆ. ಫೌಂಡ್ರಿಯವರು ಹೀಗೆ ಹಾಕಿದರು, ಅಸೆಂಬ್ಲಿಯ ಹೆಣ್ಣುಮಕ್ಕಳು ಹಾಗೆ ಹಾಕಿದರು ಎಂದು ನಾಳೆ ಯಾರೂ ಬೆರಳು ತೋರಿಸಬಾರದು ಎಂದು ಹೀಗೆ ಮಾಡಿದ್ದೇವೆ.

ಷರತ್ತು ಷರತ್ತಿಗೆ ಬೇರೆ ಬೇರೆ ಮತ ಯಾಕಿಲ್ಲ ಎಂದು ಕೇಳುತ್ತೀರಿ. ಇಟ್ಟರೆ ಎಲ್ಲರೂ ಹೆಚ್ಚಳಕ್ಕೆ ಒಪ್ಪಿ ಡಿಎ ಇಳಿಕೆಗೆ ಇಲ್ಲ ಎನ್ನುತ್ತೀರಿ, ನಾನೂ ಹಾಗೇ ಹಾಕುತ್ತೇನೆ. ಅದನ್ನು ತೆಗೆದುಕೊಂಡು ಹೋದರೆ ಆ ಕಡೆ ಕೂತವರು ನಗುತ್ತಾರೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆದ ಪ್ರಸ್ತಾವ ಇದು, ಇಡಿಯಾಗಿ ಬೇಕು ಅಥವಾ ಇಡಿಯಾಗಿ ಬೇಡ.

ಮೂರರಲ್ಲಿ ಎರಡು ಪಾಲು ಸದಸ್ಯರು, ಅಂದರೆ 275 ಜನ, ಮತ ಹಾಕಲೇಬೇಕು. ಇಲ್ಲದಿದ್ದರೆ ಮತದಾನವೇ ಅಸಿಂಧು, ಮತ್ತೊಮ್ಮೆ ನಡೆಸಬೇಕು. ಅಷ್ಟು ಜನ ಹಾಕಿದರೆ, ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಕಡೆಯೋ ಅದೇ ತೀರ್ಮಾನ. ಸಮ ಬಂದರೆ ಒಪ್ಪಿಗೆ ಇಲ್ಲ ಎಂದರ್ಥ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬರೀ 275 ಜನ ಬಂದರೆ 138 ಮತ ಸಾಕು. 412ರಲ್ಲಿ 138 ಎಂದರೆ ಹತ್ತಿರ ಹತ್ತಿರ ಮೂರರಲ್ಲೊಬ್ಬರು. ಮನೆಯಲ್ಲಿ ಕೂತವರ ನಾಲ್ಕು ವರ್ಷದ ಸಂಬಳವನ್ನು ಬಂದವರು ತೀರ್ಮಾನಿಸಿರುತ್ತಾರೆ. ಬೇರೆಯವರ ಪರವಾಗಿ ಮತ ಹಾಕಲು ಅವಕಾಶವಿಲ್ಲ. ರಜೆಯಲ್ಲಿರುವವರು ಆ ನಾಲ್ಕು ಸುತ್ತಿನಲ್ಲಿ ಒಂದಕ್ಕೆ ಬರಬೇಕು.

ಒಪ್ಪಿಗೆ ಬಂದರೆ ನಾವು ಕಂಪನಿಯ ಆಫೀಸಿನಲ್ಲಿ ಸಹಿ ಹಾಕಿ ಎದ್ದುಬರುವುದಿಲ್ಲ. ಹಾಗೆ ಇಬ್ಬರೇ ಮಾಡಿಕೊಂಡದ್ದು ಕಲಂ 18(1)ರ ಒಪ್ಪಂದ, ಸಹಿ ಹಾಕಿದ ಎರಡು ಕಡೆಯವರಿಗಷ್ಟೇ ಅನ್ವಯ. ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ, ಸಂಧಾನದಲ್ಲಿ, ಕಲಂ 12(3)ರ ಪ್ರಕಾರ ಸಹಿ ಹಾಕುತ್ತೇವೆ. ಅದು ಸದಸ್ಯರಲ್ಲದವರಿಗೂ, ಮುಂದೆ ಕೆಲಸಕ್ಕೆ ಸೇರುವವರಿಗೂ ಅನ್ವಯ. ಹಾಗಾಗಿ ಈಗ ಟ್ರೈನಿಗಳಾಗಿರುವ, ಮುಂದಿನ ವರ್ಷ ಖಾಯಂ ಆಗುವ ಹುಡುಗರಿಗೂ ಈ 50 ರೂಪಾಯಿ ದರವೇ ಅನ್ವಯವಾಗುತ್ತದೆ. ಅವರ ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲ. ಡಿಎ ಲೆಕ್ಕ ಹಾಕುವಾಗ ನಿಮ್ಮ ಪಕ್ಕದ ಮಷಿನ್ನಿನಲ್ಲಿ ನಿಂತ ಆ ಹುಡುಗನನ್ನೂ ಒಂದು ಸಲ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಮಾತ್ರ ಕೇಳುತ್ತೇನೆ.

ಪ್ರಸ್ತಾವದ ಕನ್ನಡ ಪ್ರತಿ ಕಚೇರಿಯಲ್ಲಿ ಸಿಗುತ್ತದೆ. ಇಂಗ್ಲಿಷ್ ಪ್ರತಿಯೂ ಪಕ್ಕದಲ್ಲಿದೆ, ಎರಡಕ್ಕೂ ತಾಳೆ ನೋಡಬೇಕೆನ್ನುವವರು ನೋಡಬಹುದು. ಸೋಮವಾರ, ಮಂಗಳವಾರ ಸಂಜೆ ಆರರಿಂದ ಎಂಟರವರೆಗೆ ಸಮಿತಿಯ ಇಬ್ಬರು ಕೂತಿರುತ್ತಾರೆ, ಒಪ್ಪಿದವರಲ್ಲಿ ಒಬ್ಬರು, ಒಪ್ಪದವರಲ್ಲಿ ಒಬ್ಬರು. ನಿಮ್ಮ ಡಿಸೆಂಬರ್ ಪೇ ಸ್ಲಿಪ್ ತನ್ನಿ. ನಿಮ್ಮ ಸರ್ವೀಸು, ನಿಮ್ಮ ಬೇಸಿಕ್ ಹಾಕಿ ನಾಲ್ಕು ವರ್ಷಕ್ಕೂ ಆಮೇಲಕ್ಕೂ ಲೆಕ್ಕ ಬರೆದುಕೊಡುತ್ತಾರೆ. ಬುಧವಾರ ಬರುವಾಗ ಸಂಘದ ಕಾರ್ಡು ಅಥವಾ ಫ್ಯಾಕ್ಟರಿ ಗುರುತಿನ ಚೀಟಿ ತರಬೇಕು. ರಾತ್ರಿ ಹತ್ತಕ್ಕೆ ಹೊರಡುವ ಚನ್ನಪಟ್ಟಣದ ಬಸ್ಸನ್ನೂ ಮಾಗಡಿಯ ಬಸ್ಸನ್ನೂ ಅಂದು ಇಪ್ಪತ್ತು ನಿಮಿಷ ನಿಲ್ಲಿಸಲು ಸಾರಿಗೆ ವಿಭಾಗದವರು ಒಪ್ಪಿದ್ದಾರೆ. ಎಣಿಕೆ ಗುರುವಾರ ಬೆಳಗ್ಗೆ ಎಂಟಕ್ಕೆ ಶುರು, ಫಲಿತಾಂಶವನ್ನು ಮಧ್ಯಾಹ್ನ ಎರಡಕ್ಕೆ ಗೇಟಿನಲ್ಲಿ ಓದುತ್ತೇವೆ.